ಬಿಲ್ ಪೂರ್ತಿ ಕಟ್ಟಿದ ಮೇಲೂ ಬಡ್ಡಿ ಯಾಕೆ? ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದಾಗ ನಡೆಯುವ ಲೆಕ್ಕ

ಕ್ರೆಡಿಟ್ ಕಾರ್ಡನ್ನು ಎಟಿಎಂಗೆ ಹಾಕಿ ದುಡ್ಡು ತೆಗೆದವರಿಗೆ ಮೊದಲ ಬಿಲ್ಲಿಗಿಂತ ಎರಡನೇ ಬಿಲ್ಲೇ ಹೆಚ್ಚು ಗಲಿಬಿಲಿ ಮಾಡುತ್ತದೆ. ಮೊದಲನೆಯದರಲ್ಲಿ ಶುಲ್ಕ, ಬಡ್ಡಿ, ಜಿಎಸ್‌ಟಿ ಎಲ್ಲ ಬಂದಿರುತ್ತದೆ. ಬೈದುಕೊಂಡಾದರೂ ಗಡುವಿನೊಳಗೆ ಪೈಸೆ ಬಾಕಿ ಇಲ್ಲದಂತೆ ಕಟ್ಟಿಬಿಡುತ್ತಾರೆ. ಮುಂದಿನ ತಿಂಗಳು ನೋಡಿದರೆ ಮತ್ತೆ ಬಡ್ಡಿ! ಬ್ಯಾಂಕಿನವರು ಮೋಸ ಮಾಡಿದರು ಅನ್ನಿಸುವುದು ಆಗಲೇ. ಮೋಸವಲ್ಲ ಅದು. ಕಾರ್ಡಿನಲ್ಲಿ ತೆಗೆದ ನಗದಿನ ಮೇಲೆ ಬಡ್ಡಿ ಹೇಗೆ ಓಡುತ್ತದೆ ಎಂಬುದನ್ನು ಆ ಎರಡನೇ ಬಿಲ್ಲಿನ ಒಂದು ಸಾಲು ಸರಿಯಾಗಿ ತೋರಿಸುತ್ತದೆ. ಅದನ್ನು ಬಿಡಿಸಿ ನೋಡಿದರೆ ಇಡೀ ವಿಷಯ ಅರ್ಥವಾಗುತ್ತದೆ.

ನಾನು ಲೆಕ್ಕಪತ್ರದ ಕೆಲಸ ಮಾಡುವವಳು. ಹಾಗಾಗಿ ನೆಂಟರಿಷ್ಟರ ಇಂಥ ಬಿಲ್ಲುಗಳು ನನ್ನ ಕೈಗೆ ಬರುತ್ತಲೇ ಇರುತ್ತವೆ. ಅತ್ತೆಯ ಮಗ ವಿಜಯನಗರದಲ್ಲಿ ಬಾಡಿಗೆ ಮನೆ ಹಿಡಿದ. ಮನೆ ಓನರ್ ಟೋಕನ್ ಅಡ್ವಾನ್ಸ್ ಇಪ್ಪತ್ತು ಸಾವಿರ ಕ್ಯಾಶೇ ಬೇಕು, ಸಂಜೆಯೊಳಗೆ ಕೊಡದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಅಂದರಂತೆ. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಆ ಅವಸರ ಗೊತ್ತು. ಸೇವಿಂಗ್ಸ್ ಖಾತೆಯಲ್ಲಿ ಅಷ್ಟಿರಲಿಲ್ಲ, ಕ್ರೆಡಿಟ್ ಕಾರ್ಡಿತ್ತು. ಎಟಿಎಂಗೆ ಹೋದ, ಪಿನ್ ಒತ್ತಿದ, ನೋಟು ಬಂತು. ಡೆಬಿಟ್ ಕಾರ್ಡಿಗೂ ಇದಕ್ಕೂ ಯಂತ್ರದ ಮುಂದೆ ನಿಂತಾಗ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಅವನ ಲೆಕ್ಕವನ್ನೇ ದುಂಡಗಿನ ತಾರೀಖುಗಳಿಗೆ ಹೊಂದಿಸಿ ಹೇಳುತ್ತೇನೆ. ಹಣ ತೆಗೆದದ್ದು ಜೂನ್ 5. ಬಿಲ್ ತಯಾರಾಗುವ ದಿನ ಪ್ರತಿ ತಿಂಗಳ 20. ಕಟ್ಟಲು ಕೊನೆಯ ದಿನ ಜುಲೈ 8.

ಮೊದಲು ಶುಲ್ಕ. ನಮ್ಮಲ್ಲಿ ಬಹುತೇಕ ಕಾರ್ಡುಗಳು ತೆಗೆದ ಮೊತ್ತದ ಶೇ 2.5 ಅಥವಾ ಕನಿಷ್ಠ ₹500, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಾಕುತ್ತವೆ. ಇಪ್ಪತ್ತು ಸಾವಿರಕ್ಕೆ ಎರಡೂ ಒಂದೇ, ₹500. ಅದರ ಮೇಲೆ ಶೇ 18 ಜಿಎಸ್‌ಟಿ ₹90. ಒಟ್ಟು ₹590. ದುಡ್ಡನ್ನು ಮರುದಿನವೇ ವಾಪಸ್ ಕಟ್ಟಿದರೂ ಈ ₹590 ಹೋದಂತೆಯೇ. ಇದು ಸಾಲದ ಬಾಡಿಗೆಯಲ್ಲ, ಬಾಗಿಲು ತೆಗೆದದ್ದಕ್ಕೆ ಕೊಡುವ ದುಡ್ಡು.

ಇಲ್ಲಿ ಆ 'ಕನಿಷ್ಠ ₹500' ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಎಂಬ ಚೀಟಿ ಬಿದ್ದಿತ್ತು. ಅಂಥ ಹೊತ್ತಿನಲ್ಲಿ ಕೈಖರ್ಚಿಗೆಂದು ಕ್ರೆಡಿಟ್ ಕಾರ್ಡಿನಿಂದ ಎರಡು ಸಾವಿರ ತೆಗೆದರೂ ಶುಲ್ಕ ₹500, ಜಿಎಸ್‌ಟಿ ₹90. ಎರಡು ಸಾವಿರಕ್ಕೆ ₹590 ಎಂದರೆ ನೂರಕ್ಕೆ ಇಪ್ಪತ್ತೊಂಬತ್ತೂವರೆ ರೂಪಾಯಿ, ಅದೂ ಬಡ್ಡಿ ಶುರುವಾಗುವ ಮೊದಲೇ. ಸ್ವಲ್ಪ ಸ್ವಲ್ಪವೇ ತೆಗೆದರೆ ಹೊರೆ ಕಡಿಮೆ ಎಂದುಕೊಂಡು ಐದು ಸಲ ಎರಡೆರಡು ಸಾವಿರ ತೆಗೆದರೆ ₹2,950 ಬರೀ ಶುಲ್ಕಕ್ಕೆ ಹೋಗುತ್ತದೆ. ಅದೇ ಹತ್ತು ಸಾವಿರವನ್ನು ಒಂದೇ ಸಲ ತೆಗೆದಿದ್ದರೆ ₹590ಕ್ಕೆ ಮುಗಿಯುತ್ತಿತ್ತು.

ಇನ್ನು ಬಡ್ಡಿ. ಕಾರ್ಡುಗಳ ಬಡ್ಡಿ ದರವನ್ನು ತಿಂಗಳ ಲೆಕ್ಕದಲ್ಲಿ ಬರೆದಿರುತ್ತಾರೆ, ತಿಂಗಳಿಗೆ ಶೇ 3.5, ಶೇ 3.75, ಹೀಗೆ. ಓದಿದಾಗ ಚಿಕ್ಕದಾಗಿಯೇ ಕಾಣುತ್ತದೆ. ನಮ್ಮ ಊರ ಮಾತಿನಲ್ಲಿ ಹೇಳಿದರೆ ನೂರಕ್ಕೆ ಮೂರೂಮುಕ್ಕಾಲು ರೂಪಾಯಿ ಬಡ್ಡಿ. ಕೈಸಾಲ ಕೊಡುವವರು ಯಾರಾದರೂ ಈ ದರ ಹೇಳಿದರೆ ನಾವು ಎದ್ದು ಬರುತ್ತೇವೆ. ವರ್ಷಕ್ಕೆ ಅದು ಶೇ 45. ಗ್ರಾಹಕರ ರಾಷ್ಟ್ರೀಯ ಆಯೋಗ 2008ರಲ್ಲಿ ಕಾರ್ಡು ಬಾಕಿಗೆ ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ತೀರ್ಪು ಕೊಟ್ಟಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಹಾಗಾಗಿ ಶೇ 30ರ ಮಿತಿಯನ್ನು ತೋರಿಸಿ ಬ್ಯಾಂಕಿನ ಜೊತೆ ಈಗ ವಾದಿಸಲು ಆಗುವುದಿಲ್ಲ.

ದರಕ್ಕಿಂತ ಮುಖ್ಯವಾದದ್ದು ಬಡ್ಡಿ ಯಾವ ದಿನದಿಂದ ಎಂಬುದು. ಅದೇ ಕಾರ್ಡನ್ನು ಜಯನಗರದ ಬಟ್ಟೆ ಅಂಗಡಿಯಲ್ಲಿ ಉಜ್ಜಿದ್ದರೆ, ಬಿಲ್ ಬಂದು, ಅದರ ಗಡುವು ಬರುವವರೆಗೆ ಬಡ್ಡಿಯಿಲ್ಲ. ಖರೀದಿಯ ತಾರೀಖನ್ನು ಅವಲಂಬಿಸಿ ಇದು ಹೆಚ್ಚೆಂದರೆ 45ರಿಂದ 50 ದಿನ. ಆ ವಿನಾಯಿತಿ ನಗದಿಗೆ ಇಲ್ಲವೇ ಇಲ್ಲ. ಜೂನ್ 5ರಂದು ನೋಟು ಕೈಗೆ ಬಂದ ದಿನದಿಂದಲೇ ಬಡ್ಡಿ ಓಡಲು ಶುರು. ದಿನದ ಲೆಕ್ಕ ಹೀಗೆ: ಇಪ್ಪತ್ತು ಸಾವಿರದ ಶೇ 45 ಅಂದರೆ ₹9,000, ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ₹24.66. ಬಡ್ಡಿಯ ಮೇಲೂ ಶೇ 18 ಜಿಎಸ್‌ಟಿ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಅದೂ ಸೇರಿ ದಿನಕ್ಕೆ ₹29.10.

ಖರೀದಿಗೆ ವಿನಾಯಿತಿ ಕೊಡುವ ಬ್ಯಾಂಕು ನಗದಿಗೆ ಯಾಕೆ ಕೊಡುವುದಿಲ್ಲ? ಬಟ್ಟೆ ಅಂಗಡಿಯಲ್ಲಿ ನೀವು ಕಾರ್ಡು ಉಜ್ಜಿದಾಗ ಅಂಗಡಿಯವರಿಗೆ ಪೂರ್ತಿ ಹಣ ಸಿಗುವುದಿಲ್ಲ. ಒಂದು ಸಣ್ಣ ಭಾಗ ಕಾರ್ಡು ಕೊಟ್ಟ ಬ್ಯಾಂಕು, ಯಂತ್ರ ಇಟ್ಟ ಬ್ಯಾಂಕು, ಕಾರ್ಡ್ ಜಾಲ ಇವರ ನಡುವೆ ಹಂಚಿಹೋಗುತ್ತದೆ. ನಿಮಗೆ ಸಿಗುವ ಬಡ್ಡಿರಹಿತ ದಿನಗಳ ಖರ್ಚಿನಲ್ಲಿ ಒಂದಷ್ಟನ್ನು ಹೀಗೆ ಅಂಗಡಿಯವರೇ ಭರಿಸಿರುತ್ತಾರೆ. ಎಟಿಎಂನಲ್ಲಿ ಅಂಗಡಿಯೇ ಇಲ್ಲ. ತಿರುಗಿ, ಬೇರೆ ಬ್ಯಾಂಕಿನ ಯಂತ್ರವಾದರೆ ನಿಮ್ಮ ಬ್ಯಾಂಕೇ ಅವರಿಗೆ ದುಡ್ಡು ಕೊಡಬೇಕು. ಇನ್ನೊಂದು ಕಾರಣ, ಯಾವ ಅಡಮಾನವೂ ಇಲ್ಲದೆ ಕಾರ್ಡಿನಲ್ಲಿ ನಗದು ತೆಗೆಯುವವರು ಹಣದ ಮುಗ್ಗಟ್ಟಿನಲ್ಲಿರುವ ಸಾಧ್ಯತೆ ಹೆಚ್ಚು ಎಂದು ಬ್ಯಾಂಕು ಎಣಿಸುತ್ತದೆ. ಆ ಅಪಾಯಕ್ಕೂ ಬೆಲೆ ಕಟ್ಟುತ್ತದೆ. ನಿಮ್ಮ ಕಾರ್ಡಿನ ಮಿತಿ ಒಂದು ಲಕ್ಷವಿದ್ದರೂ ನಗದಿಗೆ ಅದರಲ್ಲಿ ಒಂದು ಪಾಲನ್ನು ಮಾತ್ರ ಬಿಡುವುದೂ ಇದೇ ಕಾರಣಕ್ಕೆ. ಬಿಲ್ಲಿನ ಮೇಲ್ಭಾಗದಲ್ಲಿ 'ಕ್ಯಾಶ್ ಲಿಮಿಟ್' ಎಂದು ಬೇರೆಯಾಗಿಯೇ ಅಚ್ಚಾಗಿರುತ್ತದೆ.

ಈಗ ಆ ಬಿಲ್ಲುಗಳಿಗೆ ಬರೋಣ. ಜೂನ್ 5ರಿಂದ ಬಿಲ್ ತಯಾರಾದ ಜೂನ್ 20ರವರೆಗೆ 15 ದಿನ. ಬಡ್ಡಿ ₹369.86, ಅದರ ಜಿಎಸ್‌ಟಿ ₹66.58. ಅಸಲು ಇಪ್ಪತ್ತು ಸಾವಿರ, ಶುಲ್ಕದ ₹590 ಎಲ್ಲ ಸೇರಿ ಮೊದಲ ಬಿಲ್ಲು ₹21,026.44. ಕಟ್ಟಲು ಜುಲೈ 8ರವರೆಗೆ ಸಮಯವಿತ್ತು. ಸಂಬಳ ತಿಂಗಳ ಮೊದಲಿಗೇ ಬಂದಿದ್ದರೂ ಗಡುವು ಇದೆಯಲ್ಲ ಎಂದು ಅವನು ಎಂಟನೇ ತಾರೀಖಿಗೇ ಪೂರ್ತಿ ಕಟ್ಟಿದ. ಜುಲೈ 20ರ ಬಿಲ್ಲಿನಲ್ಲಿ ಮತ್ತೆ ಬಡ್ಡಿ ₹443.84, ಜಿಎಸ್‌ಟಿ ₹79.89.

"ಅಕ್ಕಾ, ಒಂದು ರೂಪಾಯಿನೂ ಬಾಕಿ ಇಟ್ಟಿಲ್ಲ ನಾನು. ಬಿಲ್ ಎಷ್ಟಿತ್ತೋ ಅಷ್ಟೂ ಕಟ್ಟಿದೀನಿ. ಇದ್ಯಾವ ಬಡ್ಡಿ?"

"ಬಿಲ್ ಬಂದಿದ್ದು ಯಾವತ್ತು, ನೀನು ಕಟ್ಟಿದ್ದು ಯಾವತ್ತು?" ಅಂದೆ.

ಉತ್ತರ ಅಲ್ಲೇ ಇತ್ತು. ಜೂನ್ 20ರ ಬಿಲ್ಲು ಜೂನ್ 20ರವರೆಗಿನ ಬಡ್ಡಿಯನ್ನಷ್ಟೇ ಹೇಳಬಲ್ಲದು. ಅವನು ಕಟ್ಟಿದ್ದು ಜುಲೈ 8. ನಡುವಿನ 18 ದಿನವೂ ಇಪ್ಪತ್ತು ಸಾವಿರ ಬ್ಯಾಂಕಿಗೆ ಬರಬೇಕಾಗಿಯೇ ಇತ್ತು, ಬಡ್ಡಿಯೂ ಓಡುತ್ತಲೇ ಇತ್ತು. ಆ 18 ದಿನದ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಕಾಣಿಸಿಕೊಂಡಿತು. ಖರೀದಿಯ ವಿಷಯದಲ್ಲಿ ಗಡುವಿನ ದಿನವೆಂದರೆ ಅಲ್ಲಿಯವರೆಗೆ ಪುಕ್ಕಟೆ ಎಂದರ್ಥ. ನಗದಿನ ವಿಷಯದಲ್ಲಿ ಅದೇ ದಿನವನ್ನು ತಡಪಾವತಿ ದಂಡ ಬೀಳದಿರಲು ಇರುವ ಕೊನೆಯ ದಿನ ಎಂದಷ್ಟೇ ಓದಬೇಕು. ಬಿಲ್ ಬಂದ ಮರುದಿನ, ಜೂನ್ 21ಕ್ಕೇ ಕಟ್ಟಲು ಅವನಿಗೆ ಆಗಿದ್ದರೆ 17 ದಿನದ ₹495 ಉಳಿಯುತ್ತಿತ್ತು. ಸಂಬಳ ಬಂದ ದಿನವೇ ಕಟ್ಟಿದ್ದರೂ ಒಂದಷ್ಟು ಉಳಿಯುತ್ತಿತ್ತು.

ಒಟ್ಟು ಎಷ್ಟಾಯಿತು? ಶುಲ್ಕದ ಕಡೆಯಿಂದ ₹590, 33 ದಿನದ ಬಡ್ಡಿ ಮತ್ತು ಅದರ ಜಿಎಸ್‌ಟಿ ₹960, ಎರಡೂ ಸೇರಿ ₹1,550. ಇಪ್ಪತ್ತು ಸಾವಿರಕ್ಕೆ ಒಂದು ತಿಂಗಳು ಮೂರು ದಿನಕ್ಕೆ ನೂರಕ್ಕೆ ಏಳೂಮುಕ್ಕಾಲು ರೂಪಾಯಿ ಬಿತ್ತು. ಅದೇ ಇಪ್ಪತ್ತು ಸಾವಿರವನ್ನು ವರ್ಷಕ್ಕೆ ಶೇ 12ರ ದರದಲ್ಲಿ ಚಿನ್ನ ಅಡವಿಟ್ಟು ತಂದಿದ್ದರೆ, 33 ದಿನಕ್ಕೆ ಬಡ್ಡಿ ಸುಮಾರು ₹217. ಚಿನ್ನ ತೂಗಿ ಬೆಲೆ ಕಟ್ಟುವವರ ಶುಲ್ಕ ಅದೂ ಇದೂ ಸೇರಿಸಿದರೂ ಇಷ್ಟು ಅಂತರ ಮುಚ್ಚುವುದು ಕಷ್ಟ. ಬ್ಯಾಂಕಿನಲ್ಲಿ ಎಫ್‌ಡಿ ಇದ್ದವರಿಗಂತೂ ಅದರ ಮೇಲೆ ಸಾಲ ಇನ್ನೂ ಅಗ್ಗ. ಎಫ್‌ಡಿಗೆ ಸಿಗುವ ಬಡ್ಡಿಗಿಂತ ಶೇ 1ರಿಂದ 2 ಹೆಚ್ಚು ಕೊಟ್ಟರೆ ಸಾಮಾನ್ಯವಾಗಿ ಸಾಕು, ಎಫ್‌ಡಿ ಮುರಿಯುವುದೂ ಬೇಡ.

ಈ ಲೆಕ್ಕದಿಂದ ಇನ್ನೊಂದು ಮಾತು ತಿಳಿಯುತ್ತದೆ. ದಿನಕ್ಕೆ ₹29ರಂತೆ ಓಡುವ ಬಡ್ಡಿ, ₹590ರ ಶುಲ್ಕವನ್ನು ಮುಟ್ಟಲು ಇಪ್ಪತ್ತು ದಿನ ತೆಗೆದುಕೊಳ್ಳುತ್ತದೆ. ಮೂರು ದಿನದಲ್ಲಿ ವಾಪಸ್ ಕಟ್ಟಿದ್ದರೆ ಒಟ್ಟು ಖರ್ಚು ₹677 ಆಗುತ್ತಿತ್ತು, ಅದರಲ್ಲಿ ಬಡ್ಡಿಯ ಪಾಲು ಬರೀ ₹87. ಅಂದರೆ ಬೇರೆ ದಾರಿಯೇ ಇಲ್ಲದೆ ತೆಗೆಯಲೇಬೇಕಾಗಿ ಬಂದಿದ್ದರೆ, ಶುಲ್ಕ ಹೇಗೂ ಹೋಯಿತು, ಬಡ್ಡಿ ಎಷ್ಟು ಎಂಬುದು ಮಾತ್ರ ಇನ್ನೂ ನಿಮ್ಮ ಕೈಯಲ್ಲಿದೆ. ಬಿಲ್ ಬರಲಿ ಎಂದು ಕಾಯುವ ಅಗತ್ಯವಿಲ್ಲ, ಬ್ಯಾಂಕಿನ ಆ್ಯಪ್‌ನಿಂದ ಯಾವ ದಿನ ಬೇಕಾದರೂ ಕಾರ್ಡಿಗೆ ದುಡ್ಡು ಹಾಕಬಹುದು.

ಆದರೆ ಹಾಕಿದ ದುಡ್ಡು ನೀವು ಅಂದುಕೊಂಡ ಕಡೆಗೇ ಹೋಗುತ್ತದೆ ಎಂಬ ಖಾತ್ರಿ ಇಲ್ಲ. ನಗದು ತೆಗೆದವರು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಹೀಗೊಂದು ಸಂದರ್ಭ ಇಟ್ಟುಕೊಳ್ಳಿ. ಅದೇ ಕಾರ್ಡಿನಲ್ಲಿ ಜೂನ್ 2ರಂದು ₹30,000ದ ವಾಷಿಂಗ್ ಮಷಿನ್ ಕೂಡ ಕೊಂಡಿದ್ದೀರಿ. ಜೂನ್ 20ರ ಬಿಲ್ಲು ₹51,026.44. ಜುಲೈ 8ರಂದು ನಿಮ್ಮ ಕೈಯಲ್ಲಿರುವುದು ₹21,026 ಮಾತ್ರ. 'ನಗದಿನ ಬಡ್ಡಿ ದುಬಾರಿ, ಮೊದಲು ಅದನ್ನು ತೀರಿಸೋಣ, ಮಷಿನ್ ದುಡ್ಡು ಮುಂದಿನ ತಿಂಗಳು' ಎಂದು ಅಷ್ಟನ್ನು ಕಟ್ಟುತ್ತೀರಿ. ನಿಮ್ಮ ಲೆಕ್ಕಕ್ಕೆ ನಗದು ತೀರಿತು.

ಬ್ಯಾಂಕಿನ ಲೆಕ್ಕದಲ್ಲಿ ಕಟ್ಟಿದ ಹಣ ಯಾವುದಕ್ಕೆ ಮೊದಲು ಜಮೆಯಾಗಬೇಕು ಎಂಬ ಸರದಿ ಮೊದಲೇ ನಿಗದಿಯಾಗಿರುತ್ತದೆ, ಅದನ್ನು ನೀವು ಆರಿಸಲು ಬರುವುದಿಲ್ಲ. ಸರದಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ತೆರಿಗೆ, ಶುಲ್ಕ, ಬಡ್ಡಿ ಮೊದಲು ಬರುವುದು ಸಾಮಾನ್ಯ. ಕೆಲವು ಕಾರ್ಡುಗಳಲ್ಲಿ ಅದಾದ ಮೇಲೆ ಖರೀದಿಯ ಬಾಕಿ, ಎಲ್ಲಕ್ಕಿಂತ ಕೊನೆಗೆ ನಗದು. ಅಂಥ ಕಾರ್ಡಾದರೆ ನೀವು ಕಟ್ಟಿದ್ದರಲ್ಲಿ ₹1,026 ಶುಲ್ಕ ಮತ್ತು ಬಡ್ಡಿಗೆ ಹೋಯಿತು, ಉಳಿದ ಇಪ್ಪತ್ತು ಸಾವಿರ ವಾಷಿಂಗ್ ಮಷಿನ್ ಬಾಕಿಗೆ ಹೋಯಿತು. ನಗದಿನ ಇಪ್ಪತ್ತು ಸಾವಿರದಲ್ಲಿ ಒಂದು ರೂಪಾಯಿಯೂ ಇಳಿಯಲಿಲ್ಲ. ದಿನಕ್ಕೆ ₹29 ಹಾಗೆಯೇ ಓಡುತ್ತಿದೆ.

ಜೊತೆಗೆ ಇನ್ನೊಂದು ಪೆಟ್ಟು. ಬಿಲ್ ಪೂರ್ತಿ ಕಟ್ಟಲಿಲ್ಲವಾದ್ದರಿಂದ ವಾಷಿಂಗ್ ಮಷಿನ್‌ಗೆ ಇದ್ದ ಬಡ್ಡಿರಹಿತ ಅವಧಿಯೂ ಹೋಯಿತು. ಈಗ ಅದಕ್ಕೂ ಕೊಂಡ ದಿನದಿಂದ, ಅಂದರೆ ಜೂನ್ 2ರಿಂದಲೇ ಬಡ್ಡಿ. ಮೂವತ್ತು ಸಾವಿರಕ್ಕೆ ಜುಲೈ 8ರವರೆಗಿನ 36 ದಿನಕ್ಕೆ ಜಿಎಸ್‌ಟಿ ಸೇರಿ ಸುಮಾರು ₹1,570. ಅಷ್ಟೇ ಅಲ್ಲ, ಹಳೆ ಬಾಕಿ ತೀರುವವರೆಗೆ ಆ ಕಾರ್ಡಿನಲ್ಲಿ ಹೊಸದಾಗಿ ಕೊಂಡ ಸೊಪ್ಪು ತರಕಾರಿ, ಪೆಟ್ರೋಲಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ನಗದು ತೆಗೆದ ಕಾರ್ಡಿನ ಬಾಕಿ ಉಳಿದಿದ್ದರೆ ಅದನ್ನು ಬೇರೆ ಖರೀದಿಗೆ ಮುಟ್ಟಲೇಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಬಿಲ್ಲಿನಲ್ಲಿ ಇದನ್ನು ಗುರುತಿಸುವುದು ಕಷ್ಟವಲ್ಲ. ಬಡ್ಡಿಯ ಸಾಲು ಒಂದೇ ಇದ್ದು, ಅದನ್ನು ನಗದಿನ ದಿನದ ಬಡ್ಡಿಯಿಂದ ಭಾಗಿಸಿದಾಗ ದಿನಗಳ ಲೆಕ್ಕ ತಾಳೆಯಾದರೆ, ಅದು ನನ್ನ ಅತ್ತೆ ಮಗನಿಗೆ ಬಂದಂಥ ಉಳಿಕೆ ಬಡ್ಡಿ. ₹443.84ನ್ನು ₹24.66ರಿಂದ ಭಾಗಿಸಿದರೆ 18 ಬರುತ್ತದೆ, ಸರಿ ಹೋಯಿತು. ತಾಳೆಯಾಗದೆ ಬಹಳ ಹೆಚ್ಚಿದ್ದರೆ ಖರೀದಿಗಳ ಮೇಲೂ ಬಡ್ಡಿ ಬಿದ್ದಿದೆ ಎಂದು ಅನುಮಾನಿಸಬೇಕು. ಜಮೆಯ ಸರದಿ ತಿಳಿಯಲು ಕಾರ್ಡಿನ ಜೊತೆ ಬರುವ ಮುಖ್ಯ ನಿಯಮ ಮತ್ತು ಷರತ್ತುಗಳ ಪತ್ರವನ್ನು ತೆಗೆದು ನೋಡಿ, ಎಂಐಟಿಸಿ ಎಂದು ಕರೆಯುತ್ತಾರೆ. ಬ್ಯಾಂಕಿನ ಜಾಲತಾಣದಲ್ಲೂ ಇರುತ್ತದೆ. ಬಡ್ಡಿ ಹಾಕುವ ರೀತಿಯನ್ನು ಉದಾಹರಣೆ ಸಮೇತ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ.

ಪೂರ್ತಿ ತೀರಿಸುವ ಮನಸ್ಸಿದ್ದರೆ ಬಿಲ್ಲಿನ ಮೊತ್ತ ನೋಡಿ ಕಟ್ಟಬೇಡಿ. ಗ್ರಾಹಕ ಸೇವೆಗೆ ಫೋನ್ ಮಾಡಿ, 'ಇವತ್ತು ಕಟ್ಟಿದರೆ ಇವತ್ತಿನವರೆಗಿನ ಬಡ್ಡಿ ಸೇರಿ ಪೂರ್ತಿ ಬಾಕಿ ಎಷ್ಟು?' ಎಂದು ಕೇಳಿ. ಬಿಲ್ಲಾದ ಬಾಕಿಯನ್ನಷ್ಟೇ ಅಲ್ಲ, ಇನ್ನೂ ಬಿಲ್ಲಾಗದ್ದನ್ನೂ ಸೇರಿಸಿ ಹೇಳುವಂತೆ ಒತ್ತಿ ಕೇಳಬೇಕು. ಆ ಮೊತ್ತವನ್ನು ಕಟ್ಟಿದರೆ ಎರಡನೇ ಬಿಲ್ಲಿನ ತಲೆಬಿಸಿ ಬಹುತೇಕ ತಪ್ಪುತ್ತದೆ. ಅಷ್ಟು ಒಟ್ಟಿಗೆ ಕಟ್ಟಲಾಗದವರು ಬಿಲ್ಲಿನ 'ಕನಿಷ್ಠ ಪಾವತಿ'ಯನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂದೂ ನೋಡಿ: ಇಪ್ಪತ್ತು ಸಾವಿರದ ಒಂದು ತಿಂಗಳ ಬಡ್ಡಿ ಜಿಎಸ್‌ಟಿ ಸೇರಿ ₹873. ನೀವು ಸಾವಿರ ಕಟ್ಟಿದರೆ ಅಸಲಿನಲ್ಲಿ ಇಳಿಯುವುದು ₹127. ಅದರ ಬದಲು ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ಒಂದು ಸಣ್ಣ ಪರ್ಸನಲ್ ಲೋನ್ ತೆಗೆದು ಕಾರ್ಡನ್ನು ಒಮ್ಮೆಗೇ ಖಾಲಿ ಮಾಡುವುದು ಎಷ್ಟೋ ಮೇಲು, ದರ ಸಾಮಾನ್ಯವಾಗಿ ಇದರ ಅರ್ಧದಷ್ಟೂ ಇರುವುದಿಲ್ಲ.

ಬೆಂಗಳೂರಿನಲ್ಲಿ 'ಕಾರ್ಡ್ ಉಜ್ಜಿ, ಕ್ಯಾಶ್ ತಗೊಳ್ಳಿ' ಎನ್ನುವವರೂ ಸಿಗುತ್ತಾರೆ. ಏನೋ ಸಾಮಾನು ಮಾರಿದಂತೆ ಯಂತ್ರದಲ್ಲಿ ಉಜ್ಜಿ, ನೂರಕ್ಕೆ ಇಷ್ಟು ಎಂದು ಹಿಡಿದುಕೊಂಡು ಉಳಿದದ್ದನ್ನು ನೋಟಿನಲ್ಲಿ ಕೊಡುತ್ತಾರೆ. ಶುಲ್ಕ ಕಡಿಮೆ, ಬಡ್ಡಿಯಿಲ್ಲ ಎಂದು ಕಾಣುತ್ತದೆ. ಆದರೆ ಇದು ಕಾರ್ಡಿನ ಷರತ್ತಿಗೆ ವಿರುದ್ಧ, ನಡೆಯದ ವ್ಯಾಪಾರಕ್ಕೆ ಬಿಲ್ ಹುಟ್ಟಿಸಿದಂತೆ. ಬ್ಯಾಂಕಿಗೆ ಅನುಮಾನ ಬಂದರೆ ಕಾರ್ಡನ್ನೇ ಮುಚ್ಚಬಹುದು. ಗುರುತಿಲ್ಲದವರ ಕೈಗೆ ಕಾರ್ಡು ಕೊಡುವ ಅಪಾಯ ಬೇರೆ. ಆ ದಾರಿ ಬೇಡ.

ನಗದೇ ಬೇಕೆ ಎಂದು ಒಮ್ಮೆ ಕೇಳಿ ನೋಡುವುದು ಎಷ್ಟೋ ಸಲ ಕೆಲಸ ಮಾಡುತ್ತದೆ. ರುಪೇ ಕ್ರೆಡಿಟ್ ಕಾರ್ಡು ಇದ್ದರೆ ಅದನ್ನು ಯುಪಿಐ ಆ್ಯಪ್‌ಗೆ ಜೋಡಿಸಿ, ಅಂಗಡಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕೊಡಬಹುದು. ಅದು ಖರೀದಿ ಎಂದೇ ಲೆಕ್ಕ, ಬಡ್ಡಿರಹಿತ ಅವಧಿಯೂ ಸಿಗುತ್ತದೆ. ಆದರೆ ಇದು ವ್ಯಾಪಾರಿಗಳ ಕ್ಯೂಆರ್‌ಗೆ ಮಾತ್ರ. ಮನೆ ಓನರ್‌ನಂಥ ಖಾಸಗಿ ವ್ಯಕ್ತಿಯ ನಂಬರಿಗೆ ಹೀಗೆ ಕಳಿಸಲು ಬರುವುದಿಲ್ಲ. ನನ್ನ ಅತ್ತೆ ಮಗನ ವಿಷಯದಲ್ಲಿ, ಅಂದು ಒಂದೈದು ಸಾವಿರ ಟೋಕನ್ ಕೊಟ್ಟು ಉಳಿದದ್ದಕ್ಕೆ ಸಂಬಳದವರೆಗೆ ಗಡುವು ಕೇಳಬಹುದಿತ್ತು ಎಂದೇ ನನಗೆ ಅನ್ನಿಸುತ್ತದೆ.

ಹೆಸರು, ಬಣ್ಣ ಒಂದೇ ಥರ ಇರುವ ಎರಡು ಕಾರ್ಡುಗಳಲ್ಲಿ ಡೆಬಿಟ್ ಎಂದುಕೊಂಡು ಕ್ರೆಡಿಟ್ ಹಾಕಿಬಿಡುವವರೂ ಇದ್ದಾರೆ, ವಯಸ್ಸಾದವರಲ್ಲಂತೂ ಹೆಚ್ಚು. ಅದಕ್ಕೆ ಸುಲಭದ ಉಪಾಯವಿದೆ. ಎಟಿಎಂ, ಅಂಗಡಿ, ಆನ್‌ಲೈನ್ ವಹಿವಾಟುಗಳನ್ನು ಬೇರೆ ಬೇರೆಯಾಗಿ ಆನ್ ಅಥವಾ ಆಫ್ ಮಾಡುವ, ಮಿತಿ ಹಾಕುವ ಸೌಲಭ್ಯವನ್ನು ಬ್ಯಾಂಕುಗಳು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ 2020ರಲ್ಲಿ ಆದೇಶಿಸಿತು. ಆ್ಯಪ್‌ನಲ್ಲಿ ಕಾರ್ಡಿನ ಸೆಟ್ಟಿಂಗ್ಸ್‌ಗೆ ಹೋಗಿ ಎಟಿಎಂ ಒಂದನ್ನು ಆಫ್ ಮಾಡಿದರೆ ಸಾಕು. ಅಂಗಡಿಯಲ್ಲಿ ಉಜ್ಜಲು ಯಾವ ತೊಂದರೆಯೂ ಇಲ್ಲ.

ಬಡ್ಡಿಯ ಲೆಕ್ಕವೇ ತಪ್ಪಾಗಿದೆ ಎಂದು ಕಂಡರೆ ಸುಮ್ಮನಿರಬೇಡಿ. ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ಕಾರ್ಡು ನಿರ್ದೇಶನ ಹೇಳುತ್ತದೆ. ಮೇಲಿನ ಲೆಕ್ಕದಲ್ಲಿ ₹590ಕ್ಕೆ ನಾನು ಬಡ್ಡಿ ಹಾಕದಿರುವುದೂ ಅದಕ್ಕೇ. ನಿಮ್ಮ ಬಿಲ್ಲಿನಲ್ಲಿ ದಿನದ ಬಡ್ಡಿ ₹24.66ರ ಬದಲು ₹25.38ರಂತೆ ಬಿದ್ದಿದ್ದರೆ, ₹20,590ರ ಮೇಲೆ ಹಾಕಿದ್ದಾರೆ ಎಂದು ತಿಳಿಯಬಹುದು. ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಎರಡೂ ಬಿಲ್ಲುಗಳನ್ನು, ಹಣ ಕಟ್ಟಿದ ದಿನದ ರಸೀದಿಯನ್ನು ಮತ್ತು ದಿನದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗೆ ಲಗತ್ತಿಸಿ.